ಸಾವಿತ್ರೆವ್ವನ ಕಣ್ಣಿನ ಎತ್ತರ

ನನ್ನ ಬಾಯಿ ಸುಮ್ಮನಿರುವ ಬಾಯಿಯಲ್ಲ. ಡಿಪ್ಲೊಮಾ ಮುಗಿಸಿ ಮಹಾಂತಪ್ಪ ಇಂಜಿನಿಯರರ ಆಫೀಸು ಸೇರಿದ ಮೊದಲ ವಾರವೇ ಅವರು, “ಪೂನಮ್, ನಿನ್ನ ಕೈ ಚಲೋ ಐತಿ, ಬಾಯಿ ಸ್ವಲ್ಪ ಭಾಳಾತು” ಎಂದಿದ್ದರು. ಆದರೂ ಇಟ್ಟುಕೊಂಡರು. ಏಕೆಂದರೆ ೨೦೦೩ರ ಬೈಲಹೊಂಗಲದಲ್ಲಿ, ಕಟ್ಟಡ ಕಟ್ಟುವ ಮೊದಲೇ ಅದರ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಲು ಬರುತ್ತಿದ್ದವಳು ನನಗೆ ಗೊತ್ತಿದ್ದಂತೆ ನಾನೊಬ್ಬಳೇ. ಆರು ತಿಂಗಳು ದಿನಾ ಬೆಳಗಾವಿ ಬಸ್ಸು ಹತ್ತಿ ಕಲಿತು ಬಂದಿದ್ದೆ.

ಆ ವರ್ಷ ಜವಳಿ ಅಂಗಡಿಯ ಬಸಲಿಂಗಪ್ಪ ಸಾವಕಾರರು ಬಜಾರಿನ ತಮ್ಮ ಹಳೆಯ ಅಂಗಡಿಯನ್ನು ಕೆಡವಿ ಎರಡು ಅಂತಸ್ತಿನ ಹೊಸದನ್ನು ಕಟ್ಟಲು ಹೊರಟರು. ಎರಡು ರಸ್ತೆ ಕೂಡುವ ಮೂಲೆಯ ಜಾಗ. ಒಳಗಿನ ನಕ್ಷೆ ಮಹಾಂತಪ್ಪ ಸರ್ ಅವರದು, ಮುಂಭಾಗ ನನ್ನದು. ಜೀವಮಾನದಲ್ಲಿ ನಾನೇ ಯೋಚಿಸಿ ಬರೆದ ಮೊದಲ ಮುಂಭಾಗ ಅದು. ಸಾವಕಾರರು ಒಪ್ಪಿದರೆ ಊರ ನಡುವೆ ನನ್ನ ಗೆರೆ ಕಲ್ಲಾಗಿ ನಿಲ್ಲುತ್ತಿತ್ತು. ಒಪ್ಪದಿದ್ದರೆ, ಬೆಳಗಾವಿಯಿಂದ ಒಬ್ಬರು ಬರೆದು ಕಳಿಸಿದ್ದ ನೀಲಿ ಗಾಜಿನ ಮುಖ ಅಲ್ಲಿ ಏಳುತ್ತಿತ್ತು. ಅದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಸಾವಕಾರರ ತಾಯಿ ಸಾವಿತ್ರೆವ್ವನದು ಒಂದೇ ಷರತ್ತು. ಹಳೆಯ ಅಂಗಡಿಯ ಬಾಗಿಲ ಮೇಲೆ ಅವಳ ಗಂಡನ ಹೆಸರು ಕೆತ್ತಿದ ಕಲ್ಲಿತ್ತು, ಆರಡಿ ಉದ್ದ, ಒಂದೂವರೆ ಅಡಿ ಎತ್ತರ. ಗಂಡ ತೀರಿಹೋದಾಗಿನಿಂದ, ಇಪ್ಪತ್ತೆರಡು ವರ್ಷ, ದಿನಾ ಬೆಳಿಗ್ಗೆ ಗುಡಿಗೆ ಹೋಗುವಾಗ ಅವಳು ಎದುರಿನ ಮೂಲೆಯಲ್ಲಿ ನಿಂತು ಅದಕ್ಕೆ ಕೈ ಮುಗಿದೇ ಮುಂದೆ ಹೋಗುತ್ತಿದ್ದಳು. ಆ ಕಲ್ಲು ಹೊಸ ಅಂಗಡಿಗೂ ಬರಬೇಕು, ಅಲ್ಲಿ ನಿಂತರೆ ಕಾಣಬೇಕು. ನಾನು ಅದಕ್ಕೆ ಭಾರೀ ಗೌರವದ ಜಾಗ ಕೊಟ್ಟೆ. ಬಾಗಿಲ ಮೇಲೆ ರಸ್ತೆಯತ್ತ ನಾಲ್ಕು ಅಡಿ ಮುಂದೆ ಚಾಚಿದ ಚಜ್ಜಾ, ಅದರ ಮೇಲೆ, ಹಿಂದಿನ ಗೋಡೆಯಲ್ಲಿ ಕಲ್ಲು, ದೇವರನ್ನು ಜಗಲಿಯ ಮೇಲೆ ಇಟ್ಟ ಹಾಗೆ.

ಮೊದಲ ಚಿತ್ರ ತೆಗೆದುಕೊಂಡು ನಾವಿಬ್ಬರೂ ಅಂಗಡಿಗೆ ಹೋದೆವು. ಬೆಳಗಾವಿಯಲ್ಲಿ ಕಲಿಸಿದಂತೆ ಕ್ಯಾಮೆರಾವನ್ನು ಹದಿನೈದು ಅಡಿ ಎತ್ತರದಲ್ಲಿ ಇಟ್ಟಿದ್ದೆ. ಎಲ್ಲವೂ ಚೆಂದ ಕಾಣುತ್ತಿತ್ತು, ಕಲ್ಲಂತೂ ಚಜ್ಜಾದ ಮೇಲೆ ಥಳಥಳ. ಸಾವಕಾರರು ತಲೆದೂಗಿದರು. ಗಾದಿಯ ಮೂಲೆಯಲ್ಲಿ ಕುಳಿತಿದ್ದ ಸಾವಿತ್ರೆವ್ವ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದಳು.

“ಇದನ್ನ ಎಲ್ಲಿ ನಿಂತ ನೋಡಿದಿ, ಯವ್ವಾ?”

“ಎದುರಿನ ಮೂಲ್ಯಾಗರೀ, ಆಯಿ.”

“ಮೂಲ್ಯಾಗ ನಿಂತೋ, ಲೈಟಿನ ಕಂಬಾ ಹತ್ತಿಯೋ?”

ಸಾವಕಾರರು ನಕ್ಕರು, ಮಹಾಂತಪ್ಪ ಸರ್ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆದರೆ ಮುದುಕಿಯ ಮಾತು ಖರೆ ಇತ್ತು. ರಸ್ತೆಯಲ್ಲಿ ನಡೆಯುವ ಯಾರೂ ಅಂಗಡಿಯನ್ನು ಹದಿನೈದು ಅಡಿ ಮೇಲಿನಿಂದ ನೋಡುವುದಿಲ್ಲ. “ನಿಂತವರಿಗೆ ಕಾಣೋ ಹಂಗ ತರತೇನ್ರಿ” ಎಂದು ಹೇಳಿ ಎದ್ದೆ.

ಫೋಟೋ ಸ್ಟುಡಿಯೋದ ಸುಭಾಸನನ್ನು ಕರೆದೊಯ್ದೆ. ಅವನು ಎದುರಿನ ಮೂಲೆಯ ನೆಲದ ಮೇಲೆ ನಿಂತು, ಕ್ಯಾಮೆರಾ ಮೇಲೆ ಕೆಳಗೆ ವಾಲಿಸದೆ, ಬಜಾರಿನ ಫೋಟೋ ತೆಗೆದುಕೊಟ್ಟ. ಅದರೊಳಗೆ ಹಳೆಯ ಅಂಗಡಿಯ ಜಾಗದಲ್ಲಿ ನನ್ನ ಹೊಸ ಅಂಗಡಿಯನ್ನು ಕೂರಿಸಬೇಕಿತ್ತು. ಕಂಪ್ಯೂಟರಿನಲ್ಲಿ ಕ್ಯಾಮೆರಾವನ್ನು ಐದು ಅಡಿಗೆ ಇಳಿಸಿದೆ. ಅಂಗಡಿಯ ತಲೆ ಚಿತ್ರದ ಹೊರಗೆ ಹೋಯಿತು. ಇದಕ್ಕೇನು ಎಂದು ಕ್ಯಾಮೆರಾದ ಮೂತಿಯನ್ನು ಮೇಲೆತ್ತಿದೆ. ತಲೆ ಒಳಗೆ ಬಂತು, ಆದರೆ ಎರಡೂ ಕಡೆಯ ಗೋಡೆಗಳು ಮೇಲೆ ಹೋಗುತ್ತ ಒಂದಕ್ಕೊಂದು ವಾಲಿದವು.

“ಏನವಾ, ಕಟ್ಟೂದಕ್ಕಿಂತ ಮೊದಲ ಹಿಂದಕ್ಕ ಬೀಳಾಕ ಹತ್ತೇತಲ್ಲ” ಎಂದರು ಸರ್.

ಮೂತಿ ಎತ್ತಿದರೆ ನೇರ ಗೋಡೆಗಳೂ ಮೇಲೆಲ್ಲೋ ಒಂದು ಬಿಂದುವಿಗೆ ಓಡುತ್ತವೆ. ಮೂಲೆಯ ಕಟ್ಟಡಕ್ಕೆ ಎರಡೇ ಬಿಂದು ಸಾಕು, ಎಡ ಗೋಡೆಯ ಗೆರೆಗಳಿಗೊಂದು, ಬಲ ಗೋಡೆಯ ಗೆರೆಗಳಿಗೊಂದು. ನಿಂತ ಗೆರೆ ನಿಂತೇ ಇರಬೇಕು. ಹಾಗಾಗಿ ಕ್ಯಾಮೆರಾವನ್ನೂ ಅದು ನೋಡುವ ಗುರಿಯನ್ನೂ ಒಂದೇ ಎತ್ತರಕ್ಕೆ ತಂದೆ, ಚಿತ್ರವನ್ನೇ ಎತ್ತರಕ್ಕೆ ಉದ್ದ ಮಾಡಿ ತೆಗೆದೆ, ಕೆಳಗೆ ಬಂದ ಬರೀ ರಸ್ತೆಯನ್ನು ಕತ್ತರಿಸಿ ಎಸೆದೆ. ಗೋಡೆಗಳು ಗೌಂಡಿ ಓಲಂಬಿಯ ತೂಗುಗುಂಡು ಇಳಿಬಿಟ್ಟು ನೋಡಿದಂತೆ ನೆಟ್ಟಗಾದವು.

ಆದರೂ ಅಂಗಡಿ ಫೋಟೋದಲ್ಲಿ ಕೂರಲಿಲ್ಲ. ಪಕ್ಕದ ಅಂಗಡಿಗಳ ಸೂರಿನ ಗೆರೆ ಒಂದು ಕಡೆ ಓಡಿದರೆ ನಮ್ಮದು ಬೇರೆ ಕಡೆ ಓಡುತ್ತಿತ್ತು. ಕರೆಯದೆ ಬಂದ ನೆಂಟನ ಹಾಗೆ ಒಡ್ಡೊಡ್ಡಾಗಿ ನಿಂತಿತ್ತು. ಎರಡು ದಿನ ನಾನು ಎಲ್ಲರ ಮೇಲೂ ಹರಿಹಾಯ್ದೆ, ಚಹಾ ತಂದವರನ್ನೂ ಬಿಡಲಿಲ್ಲ.

ಮೂರನೆಯ ದಿನ ಫೋಟೋವನ್ನು ದೊಡ್ಡ ಹಾಳೆಗೆ ಅಂಟಿಸಿ, ಸ್ಕೇಲು ಹಿಡಿದು ಅಂಗಡಿಗಳ ಸೂರಿನ ಗೆರೆ, ಕಟ್ಟೆಯ ಗೆರೆಗಳನ್ನು ಹಾಳೆಯ ಅಂಚಿನವರೆಗೆ ಎಳೆದೆ. ಎಡದ ರಸ್ತೆಯವು ಒಂದು ಕಡೆ ಕೂಡಿದವು, ಬಲದವು ಇನ್ನೊಂದು ಕಡೆ. ಆ ಎರಡು ಬಿಂದುಗಳನ್ನು ಕೂಡಿಸಿದರೆ ಅಡ್ಡಲಾಗಿ ಒಂದು ಸಮಗೆರೆ. ಅದು ಫೋಟೋದಲ್ಲಿ ನಿಂತಿದ್ದ ಜನರ ಕಣ್ಣಿನ ಮೇಲೇ ಹಾದುಹೋಗಿತ್ತು, ಹತ್ತಿರದವರಾಗಲಿ ದೂರದವರಾಗಲಿ, ಸುಮಾರಾಗಿ ಎಲ್ಲರ ಕಣ್ಣಿನ ಮೇಲೆ. ಸುಭಾಸನೂ ಅವರಷ್ಟೇ ಎತ್ತರದವನು, ಅವರು ನಿಂತ ನೆಲದ ಮೇಲೆಯೇ ನಿಂತಿದ್ದವನು. ನನ್ನ ಚಿತ್ರದಲ್ಲಿ ಆ ಗೆರೆ ಎಲ್ಲಿದೆ ಎಂದು ನೋಡಿದೆ. ರಸ್ತೆಯಿಂದ ಎಂಟು ಅಡಿ ಮೇಲೆ!

ಹಣೆ ಚಚ್ಚಿಕೊಂಡೆ. ನಮ್ಮದು ಎರೆಮಣ್ಣಿನ ಊರು, ಅಂಗಡಿಯ ನೆಲವನ್ನು ರಸ್ತೆಗಿಂತ ಮೂರಡಿ ಏರಿಸಿಯೇ ಕಟ್ಟುತ್ತಾರೆ. ಸರ್ ಅವರ ಎಲ್ಲ ನಕ್ಷೆಗಳಲ್ಲೂ ಸೊನ್ನೆ ಎಂದರೆ ಅಂಗಡಿಯ ನೆಲ, ರಸ್ತೆಯಲ್ಲ. ನಾನು ಐದು ಅಡಿಯನ್ನು ಆ ಸೊನ್ನೆಯಿಂದ ಎಣಿಸಿದ್ದೆ. ರಸ್ತೆಯಲ್ಲಿ ನಿಂತವರ ಕಣ್ಣನ್ನು ಅಂಗಡಿಯೊಳಗಿನ ನೆಲದಿಂದ ಅಳೆದ ಶ್ಯಾಣ್ಯಾಕಿ ನಾನು!

ಕ್ಯಾಮೆರಾವನ್ನೂ ಗುರಿಯನ್ನೂ ಮೂರಡಿ ಇಳಿಸಿದೆ. ಅಂಗಡಿ ಫೋಟೋದಲ್ಲಿ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತುಬಿಟ್ಟಿತು. ಖುಷಿಗೆ ಟೇಬಲ್ಲು ಬಡಿದೆ. ಆಮೇಲೆ ಕಲ್ಲನ್ನು ಹುಡುಕಿದೆ. ಇರಲಿಲ್ಲ.

ಅಳಿಸಿಹೋಗಿರಲಿಲ್ಲ, ನನ್ನ ಚಜ್ಜಾದ ಹಿಂದೆ ಅಡಗಿತ್ತು. ಎಂಟು ಅಡಿಯಿಂದ ಅಕ್ಷರಗಳ ತಲೆಗಳಾದರೂ ಕಂಡಿದ್ದವು, ನಾನು ಗಮನಿಸಿರಲಿಲ್ಲ. ಐದು ಅಡಿಯಿಂದ ಚಜ್ಜಾದ ಅಂಚು ಇಡೀ ಕಲ್ಲನ್ನು ನುಂಗಿತ್ತು.

ಮಹಾಂತಪ್ಪ ಸರ್ ಬಂದು ನೋಡಿ ಗಲ್ಲ ಕೆರೆದುಕೊಂಡರು. “ಹತ್ತಕ್ಕ ಸಾವಕಾರ್ರು ಕರದಾರ. ಕ್ಯಾಮೆರಾ ಒಂದೀಟ ಏರಿಸಿ ಕೊಟ್ಟ ಬಿಡವಾ. ಯಾರ ಅಳಿಯಾಕ ಬರತಾರ?”

“ಆಯಿ ಬರತಾಳ್ರಿ ಸರ್. ದಿನಾ ಮುಂಜಾನೆ.”

ನಾನೇನೂ ಸತ್ಯ ಹರಿಶ್ಚಂದ್ರನ ಮೊಮ್ಮಗಳಲ್ಲ. ಏರಿಸಲು ನನಗೂ ಮನಸ್ಸಾಗಿತ್ತು, ಮೌಸಿನ ಮೇಲೆ ಕೈಯೂ ಇತ್ತು. ಏರಿಸಿದ್ದರೆ ಚಿತ್ರ ಅದೇ ಹೊತ್ತಿಗೆ ಪಾಸು. ಆದರೆ ಅಂಗಡಿ ಕಟ್ಟಿ ಮುಗಿದ ಮೇಲೆ ಮುದುಕಿ ಆ ಮೂಲೆಯಲ್ಲಿ ನಿಂತು ಕತ್ತು ಚಾಚುವುದು ಕಣ್ಣಿಗೆ ಕಟ್ಟಿತು. ಕಲ್ಲಿಲ್ಲದ ಚಿತ್ರವನ್ನೇ ಹಿಡಿದುಕೊಂಡು ಹೋದೆ.

“ಅಪ್ಪಾರ ಕಲ್ಲ ಎಲ್ಲೈತಿ?” ಎಂದರು ಸಾವಕಾರರು. ಬೆಳಗಾವಿಯ ನೀಲಿ ಗಾಜಿನ ಚಿತ್ರ ಅವರ ತೊಡೆಯ ಮೇಲೇ ಇತ್ತು.

“ಚಜ್ಜಾದ ಹಿಂದ ಐತ್ರಿ. ರಸ್ತೇದಾಗ ನಿಂತರ ಕಾಣೂದಿಲ್ಲ. ನಾನ ತಪ್ಪ ಜಾಗಾ ಕೊಟ್ಟೇನಿ. ಮೊದಲಿನ ಚಿತ್ರದಾಗ ಎತ್ತರದಿಂದ ನೋಡಿದ್ದಕ್ಕ ಕಂಡಿತ್ರಿ.”

ಸಾವಕಾರರು ನೀಲಿ ಗಾಜಿನತ್ತ ನೋಡಿದರು. ಸಾವಿತ್ರೆವ್ವ ನನ್ನತ್ತ ನೋಡಿದಳು.

“ಇದು ಎಷ್ಟ ಎತ್ತರದಿಂದ ನೋಡಿದ್ದು?”

“ಐದ ಫೂಟಿನಿಂದ್ರಿ, ಆಯಿ.”

“ನಾ ಐದ ಫೂಟ ಎಲ್ಲಿ ಅದೇನಿ? ಅಳಿ ನನ್ನ.”

ಬಟ್ಟೆ ಅಳೆಯುವ ಗಜಕಡ್ಡಿಯನ್ನೇ ತಂದು ಅವಳನ್ನು ಬಾಗಿಲಿಗೆ ಆನಿಸಿ ನಿಲ್ಲಿಸಿದೆವು. ಕಣ್ಣಿನವರೆಗೆ ನಾಲ್ಕಡಿ ನಾಲ್ಕಂಗುಲ. “ಬಾಗಿ ನಿಂತೇನಿ, ಇನ್ನ ಒಂದ ಬೆರಳ ಏರಿಸಿ ಬರಕೊ” ಎಂದಳು. ಗಿರಾಕಿಗಳೂ ನಕ್ಕರು. ಆಮೇಲೆ ಅವಳು ಸೆರಗು ಸರಿಮಾಡಿಕೊಂಡು, “ನಡೀರಿ, ನನ್ನ ಕಣ್ಣಿಂದ ಹೆಂಗ ಕಾಣತೈತಿ ನೋಡೂಣು” ಎಂದು ನಮ್ಮ ಆಫೀಸಿನ ಕಡೆಗೆ ನಡೆದೇಬಿಟ್ಟಳು. ಸಾವಕಾರರು ಚಪ್ಪಲಿ ಹುಡುಕುತ್ತ ಹಿಂದೆ, ಅವರ ಹಿಂದೆ ನಾವು.

ದಾರಿಯುದ್ದಕ್ಕೂ ನಾನು ಲೆಕ್ಕ ಹಾಕುತ್ತಿದ್ದೆ. ಚಜ್ಜಾದ ಮೇಲೆ ಕಲ್ಲಿಟ್ಟರೆ ಮರೆ, ಇನ್ನೂ ಮೇಲಿಟ್ಟರೆ ಕಿಟಕಿ ಅಡ್ಡ. ಕೆಳಗೆ? ಬಾಗಿಲ ತಲೆ ರಸ್ತೆಯಿಂದ ಹತ್ತಡಿ, ಚಜ್ಜಾದ ಹೊಟ್ಟೆ ಹನ್ನೊಂದೂವರೆ. ನಡುವೆ ಒಂದೂವರೆ ಅಡಿ, ಕಲ್ಲಿಗೆ ಅಳೆದು ಬಿಟ್ಟಷ್ಟು. ಗೌರವ ಕೊಡುವ ಭರದಲ್ಲಿ ಅದನ್ನು ತಲೆಯ ಮೇಲೆ ಏರಿಸಿ ಕೂರಿಸಿದವಳು ನಾನೇ.

ಆಫೀಸಿನಲ್ಲಿ ಕಲ್ಲನ್ನು ಚಜ್ಜಾದ ಕೆಳಗೆ, ಬಾಗಿಲ ತಲೆಯ ಮೇಲಕ್ಕೆ ಇಳಿಸಿದೆ. ಕ್ಯಾಮೆರಾವನ್ನೂ ಗುರಿಯನ್ನೂ ರಸ್ತೆಯಿಂದ ನಾಲ್ಕಡಿ ನಾಲ್ಕಂಗುಲಕ್ಕೆ ತಂದು ಚಿತ್ರಕ್ಕೆ ಹಚ್ಚಿದೆ. ನಮ್ಮ ಕಂಪ್ಯೂಟರಿಗೆ ಅದು ಮುಕ್ಕಾಲು ತಾಸಿನ ಕೆಲಸ. ಸರ್ ಮಿರ್ಚಿ ಭಜಿ ತರಿಸಿದರು. ಪರದೆಯ ಮೇಲೆ ಚಿತ್ರ ಮೇಲಿನಿಂದ ಒಂದೊಂದೇ ಎಳೆಯಾಗಿ ಇಳಿಯುತ್ತಿತ್ತು. ಮೊದಲು ಆಕಾಶ, ಆಮೇಲೆ ಮಾಳಿಗೆಯ ಅಂಚು, ಮೇಲಿನ ಕಿಟಕಿಗಳು. ಕರೆಂಟು ಹೋಗದಿರಲಿ ಎಂದು ಇರುವ ದೇವರನ್ನೆಲ್ಲ ಬೇಡಿಕೊಂಡೆ. ಚಜ್ಜಾದ ಅಂಚು ಬಂತು, ಅದರ ಅಡಿಯ ನೆರಳು ಬಂತು. ಭಜಿ ತಿನ್ನುತ್ತಿದ್ದ ಸಾವಕಾರರ ಬಾಯಿ ನಿಂತಿತು. ನೆರಳಿನೊಳಗಿಂದ ಅಕ್ಷರಗಳ ತಲೆಕಟ್ಟು, ಆಮೇಲೆ ಹೊಟ್ಟೆ, ಆಮೇಲೆ ಕಾಲು. ಇಡೀ ಕಲ್ಲು ಕಂಡಿತು.

“ಬಂತು ನೋಡ್ರಿ, ಆಯಿ” ಎಂದೆ.

ಸಾವಿತ್ರೆವ್ವ ಕುರ್ಚಿಯನ್ನು ಮುಂದೆ ಎಳೆದುಕೊಂಡಳು. “ಓದವಾ” ಎಂದಳು.

ನನಗೆ ತಿಳಿಯಲಿಲ್ಲ. ಸಾವಕಾರರೇ ತಗ್ಗಿದ ದನಿಯಲ್ಲಿ ಹೇಳಿದರು, “ಅವ್ವಗ ಓದಾಕ ಬರೂದಿಲ್ಲ. ಗಂಡನ ಹೆಸರ ಅಕಿ ಬಾಯಿಲೆ ಅನ್ನೂದಿಲ್ಲ. ಅಪ್ಪನ ಹೆಸರ ನಾವೂ ಅನ್ನೂದಿಲ್ಲ.”

ಇಪ್ಪತ್ತೆರಡು ವರ್ಷ ಅವಳು ಕೈ ಮುಗಿದ ಕಲ್ಲನ್ನು ಆ ಮನೆಯಲ್ಲಿ ಯಾರೂ ಅವಳಿಗೆ ಓದಿ ಹೇಳಿರಲಿಲ್ಲ. ನಾನು ಎದ್ದು ನಿಂತೆ. “ಶ್ರೀ ಮುದಕಪ್ಪ ಈರಪ್ಪ, ಜವಳಿ ವ್ಯಾಪಾರಸ್ಥರು, ಬೈಲಹೊಂಗಲ” ಎಂದು ಓದಿದೆ.

ಮುದುಕಿಯ ಮುಖ ಹೊಸ ಮದುಮಗಳ ಹಾಗೆ ಕೆಂಪಾಯಿತು. ಸೆರಗು ಬಾಯಿಗೆ ಹಿಡಿದು ನಕ್ಕಳು, ಕಣ್ಣಲ್ಲಿ ನೀರು.

“ಬಸಲಿಂಗಾ, ಈ ಹುಡುಗಿ ಬರದಂಗ ಕಟ್ಟಸು” ಎಂದಳು ಮಗನಿಗೆ. ಆಮೇಲೆ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು. “ಇನ್ನೊಮ್ಮಿ ಓದ, ಯವ್ವಾ. ಹೆಸರ ಅಷ್ಟ ಓದ.”