ಎಲ್ಲರಿಗೂ ಹೋಗದ ಉತ್ತರ

ಬಾಳೆಹಣ್ಣಿನ ಆ ಕಂಪನಿಯಲ್ಲಿ ಒಂದು ಮೇಲ್ ಹಾಕಿದರೆ ಅದು ಎಷ್ಟು ಕಿವಿಗೆ ಬೀಳುತ್ತದೆಂದು ಹೇಳುವುದು ಕಷ್ಟ. ನಂಜನಗೂಡಿನ ಆಫೀಸಿನವರು ಫೋನಿನಲ್ಲೇ ಓದಿಕೊಳ್ಳುತ್ತಾರೆ. ತಿ. ನರಸೀಪುರದ ಶೆಡ್ಡಿನಲ್ಲಿ ಪದ್ಧತಿಯೇ ಬೇರೆ. ಎಲ್ಲರ ಹೆಸರಿಗೆ ಬಂದ ಮೇಲನ್ನು ಅಲ್ಲಿನ ಮೇಸ್ತ್ರಿ ಮರಿಸ್ವಾಮಿ ಪ್ರಿಂಟ್ ತೆಗೆದು, ಹಣ್ಣು ಆರಿಸುವ ಹೆಂಗಸರ ನಡುವೆ ನಿಂತು, ಹರಿಕಥೆ ದಾಸರ ಹಾಗೆ ರಾಗವಾಗಿ ಓದಿ, ಆಮೇಲೆ ಗೋಡೆಗೆ ಅಂಟಿಸುತ್ತಾನೆ.

ಆವತ್ತು ಬೆಳಿಗ್ಗೆ ಮ್ಯಾನೇಜರ್ ಮಲ್ಲಿಕಾರ್ಜುನ್ ಪಾಳಿ ಪಟ್ಟಿಯನ್ನು ಎಲ್ಲರಿಗೂ ಕಳಿಸಿ, ಕೊನೆಗೊಂದು ಸಾಲು ಸೇರಿಸಿದ್ದರು. "ನರಸೀಪುರದ ಶಾಂತಿಯವರು ಕ್ರೇಟ್ ಎತ್ತುವ ಪಾಳಿ ಬೇಡ ಎಂದಿದ್ದಾರೆ. ಕಾರಣ ತಿಳಿಸಬೇಕು."

ಶಾಂತಿ ಬಾಯಿ ತೆರೆಯುವ ಮುಂಚೆ ಊರೇ ತೆರೆಯಿತು. ಲೆಕ್ಕ ಬರೆಯುವ ಕಾಂತರಾಜು ಎಲ್ಲರಿಗೂ ಉತ್ತರಿಸಿದ: "ನನಗೂ ಸೊಂಟ ನೋವು ಸಾರ್, ನನ್ನನ್ನೂ ಬಿಡಿ." ಇಬ್ಬರು ನಗುವ ಮುಖ ಕಳಿಸಿದರು. "ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ" ಎಂದು ಒಬ್ಬರು ಎಲ್ಲರಿಗೂ ಉತ್ತರಿಸಿದರು.

ನಂಜನಗೂಡಿನ ಆಫೀಸಿನಲ್ಲಿ ಸಿಬ್ಬಂದಿಯ ರಜೆ ನೋಡಿಕೊಳ್ಳುವ ಚೈತ್ರಳಿಗೆ ಮೈಯೆಲ್ಲ ಉರಿಯಿತು. ಕಾರಣ ಗೊತ್ತಿದ್ದವಳು ಅವಳೊಬ್ಬಳೇ. ಟಕಟಕನೆ ಬರೆದಳು: "ಶಾಂತಿ ಬಸುರಿ. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದಾರೆ. ಇನ್ನು ಯಾರ ಸೊಂಟ ನೋಯುತ್ತಿದೆ, ಹೇಳಿ."

ಎಂಥ ಉತ್ತರ! ಕಾಂತರಾಜುವಿನ ಮುಖ ಹುಳ್ಳಗಾಗುವುದು ಕಣ್ಣಿಗೆ ಕಟ್ಟಿತು. ಆದರೆ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಕಿವಿಯಲ್ಲಿ ಮರಿಸ್ವಾಮಿಯ ರಾಗ ಮೊಳಗಿತು. ಶಾಂತಿ ಬಸುರೀ... ಅವನ ಸುತ್ತ ಕೂತು ಹಣ್ಣು ಆರಿಸುವವರಲ್ಲಿ ಶಾಂತಿಯ ಅತ್ತೆ ಮುತ್ತಮ್ಮನೂ ಒಬ್ಬರು. ಶಾಂತಿ ಅವರಿಗಿನ್ನೂ ಹೇಳಿರಲಿಲ್ಲ.

"ಓದ್ ಸಲ ಬಸ್ರಿ ಅಂತ ಎಲ್ಲಾರ್ಗೂ ಯೋಳ್ಬುಟ್ಟು, ಆಮೇಲೆ ನಿಲ್ಲಿಲ್ಲ ಅಂತ್ಲೂ ಮನೆಮನೆಗೆ ಯೋಳ್ಬೇಕಾಯ್ತು ಅಕ್ಕ," ಎಂದು ಫೋನಿನಲ್ಲಿ ದನಿ ತಗ್ಗಿಸಿ ಹೇಳಿದ್ದಳು. "ಈ ಸಲ ಯಾವಾಗ, ಯಾರ್ಗೆ ಅಂತ ನಾನೇ ಯೋಳ್ತೀನಿ."

ಚೈತ್ರ ಬರೆದದ್ದನ್ನೆಲ್ಲ ಅಳಿಸಿದಳು. ಮ್ಯಾನೇಜರ್ ಒಬ್ಬರಿಗೇ ಬರೆದರೆ? ಬರೆದದ್ದಕ್ಕೆ ಕಾಲು ಬರುತ್ತದೆ. ಅವರು ಇನ್ನೊಬ್ಬರಿಗೆ ದಾಟಿಸಿದರೆ ಅಲ್ಲಿಗೂ ನಡೆದು ಹೋಗುತ್ತದೆ. ಅದೂ ಅಲ್ಲದೆ, ಆ ಸುದ್ದಿ ತನ್ನದಲ್ಲ.

ಕೊನೆಗೆ ಎಲ್ಲರಿಗೂ ಹೋದದ್ದು ಇಷ್ಟೇ: "ಈ ವಿಷಯವನ್ನು ಸಂಬಂಧಪಟ್ಟವರ ಜೊತೆ ನೇರವಾಗಿ ಮಾತಾಡುತ್ತೇನೆ. ಹೊಸ ಪಟ್ಟಿ ಸಂಜೆಯೊಳಗೆ ಬರುತ್ತದೆ. ಇದಕ್ಕೆ ಯಾರೂ ಉತ್ತರಿಸಬೇಕಿಲ್ಲ."

"ಏನಮ್ಮಾ, ನಮ್ ಬಾಯಿಗೆ ಬೀಗ ಹಾಕ್ಬುಟ್ರಲ್ಲಾ," ಎಂದ ಪಕ್ಕದ ಮೇಜಿನ ಕಾಂತರಾಜು.

"ಬಾಯಿಗಲ್ಲ ಕಣ್ರೀ, ಬೆರಳಿಗೆ," ಎಂದು ಚೈತ್ರ ಫೋನ್ ಹಿಡಿದು ಹೊರಗೆ ಹೊಂಗೆ ಮರದಡಿಗೆ ಹೋದಳು.

"ಇಲ್ಲಿ ಓದ್ಬುಟ್ರು ಅಕ್ಕ," ಎಂದಳು ಶಾಂತಿ. "ನಮ್ಮತ್ತೆ ನನ್ನೇ ನೋಡ್ತಾವ್ರೆ."

"ಓದಿದ್ದು ಪ್ರಶ್ನೆ ಮಾತ್ರ. ಉತ್ತರ ಇನ್ನೂ ನಿನ್ನ ಹತ್ರಾನೇ ಇದೆ. ಸಾರ್‌ಗೆ ಎಷ್ಟು ಹೇಳ್ಲಿ, ನೀನೇ ಹೇಳು."

"ಡಾಕ್ಟ್ರು ಭಾರ ಎತ್ಬೇಡ ಅಂದವ್ರೆ ಅನ್ನಿ. ಅಷ್ಟು ಸಾಕು."

ಚೈತ್ರ ಮ್ಯಾನೇಜರ್ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಅಷ್ಟನ್ನೇ ಹೇಳಿದಳು.

"ಏನು ಕಾಯಿಲೆಯಂತೆ?" ಎಂದರು ಮಲ್ಲಿಕಾರ್ಜುನ್.

"ಅದನ್ನ ಹೇಳೋಕೆ ನಂಗೆ ಅಪ್ಪಣೆ ಇಲ್ಲ ಸಾರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬರೆಯೋವಾಗ ಅವಳೊಬ್ಬಳನ್ನೇ ಕೇಳ್ತಿದೀನಿ ಅನ್ಸಿತ್ತಮ್ಮ. ಶೆಡ್ಡು ಮರೆತೇಹೋಯ್ತು. ಫೋನ್ ಮಾಡಿ ಸಾರಿ ಕೇಳ್ಲಾ?"

"ಮಾಡಿ ಸಾರ್. ಆದ್ರೆ ಕೇಳಿದ್ದು ಎಲ್ಲರೆದುರು. ತಪ್ಪಾಯ್ತು ಅನ್ನೋದೂ ಅಲ್ಲೇ ಆಗ್ಬೇಕು. ಹೊಸ ಮೇಲ್ ಹಾಕಿ. ಹಳೇದಕ್ಕೇ ಉತ್ತರ ಕೊಟ್ರೆ ಆ ಸಾಲು ಕೆಳಗೆ ಜೋತುಬಿದ್ದು ಮತ್ತೆ ಪ್ರಿಂಟ್ ಆಗುತ್ತೆ. ಹೆಸರೂ ಬೇಡ."

ಸಂಜೆಯ ಮೇಲ್ ಪುಟ್ಟದಾಗಿತ್ತು. "ಬೆಳಿಗ್ಗೆ ಒಬ್ಬರ ಸ್ವಂತ ವಿಷಯವನ್ನು ಎಲ್ಲರೆದುರು ಕೇಳಿದ್ದು ನನ್ನ ತಪ್ಪು. ಹೊಸ ಪಾಳಿ ಪಟ್ಟಿ ಜೊತೆಗಿದೆ." ಕಾಂತರಾಜು ಓದಿ, ಏನೋ ಬರೆಯಲು ಹೋಗಿ, ಚೈತ್ರಳ ಮುಖ ನೋಡಿ ಕೈ ಹಿಂದೆಗೆದ.

ಅವಳು ಬಸ್ಸಿಗೆ ಕಾಯುತ್ತಿದ್ದಾಗ ಶಾಂತಿಯ ಫೋನ್ ಬಂತು. ನಗುವಿನಲ್ಲಿ ಮಾತು ಮುಳುಗಿ ಏಳುತ್ತಿತ್ತು.

"ಅಕ್ಕ, ಮನೆಗೋಗೋ ದಾರೀಲಿ ನಮ್ಮತ್ತೆ, 'ಏನಾದ್ರೂ ಕಾಯಿಲೆಯೇನವ್ವ' ಅಂದ್ರು. ಬೋ ಎದ್ರಿದ್ರು ಪಾಪ. ಅದ್ಕೇ ಯೋಳ್ಬುಟ್ಟೆ. ನಾನೇ, ನನ್ ಬಾಯಲ್ಲೇ."

"ಏನಂದ್ರು?"

"ರೋಡ್ ಪಕ್ಕ ಅಂಗೇ ಕುಂತ್ಕಂಡ್ರು. ಆಮೇಲ್ ಎದ್ದು ನನ್ ಊಟದ ಬ್ಯಾಗು ಕಿತ್ಕಂಡ್ರು. ಛತ್ರಿ ಕಿತ್ಕಂಡ್ರು. ಪರ್ಸೂ ಓಯ್ತು ಅಕ್ಕ, ಬರೀ ಕೈಲಿ ನಡೀತಾ ಇವ್ನಿ."

ಹಿಂದಿನಿಂದ ಮುತ್ತಮ್ಮನ ದನಿ ಕೇಳಿಸಿತು: "ಆ ಫೋನು ಭಾರ ಅಲ್ವೇನವ್ವ? ಅದ್ನೂ ಕೊಡಿಲ್ಲಿ."