ಕೋರಿಕೆಯ ಮೇರೆಗೆ ಲಭ್ಯ

ನೀರಿನ ಸಂಶೋಧನಾ ಸಂಸ್ಥೆಯಲ್ಲಿ ಅವಳಿಗೆ ಬೆನ್ನ ಹಿಂದೆ 'ಜರಡಿ' ಅಂತ ಹೆಸರು. ಬೇರೆಯವರ ಪ್ರಬಂಧ ಅವಳ ಕೈಗೆ ಪರಿಶೀಲನೆಗೆ ಬಂದರೆ ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ ಆಗದೆ ಆಚೆ ಹೋಗುತ್ತಿರಲಿಲ್ಲ. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಲಿಲ್ಲ. ಹೊಟ್ಟು ತಂದು ಸುರಿಯುವವರಿಗೆ ಜರಡಿಯ ಮೇಲೆ ಸಿಟ್ಟು ಬರದೆ ಇನ್ನೇನು ಬಂದೀತು ಅಂದುಕೊಂಡಳು.

ಈ ಸಲ ಒಂದು ವಿಜ್ಞಾನ ಪತ್ರಿಕೆಯಿಂದ ಬಂದದ್ದು ದೊಡ್ಡ ಮೇಷ್ಟ್ರ ಪ್ರಬಂಧ. ನೀರಿನ ವಿಜ್ಞಾನದ ವಲಯದಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಬೆಟ್ಟದ ಹೊಳೆಗಳಲ್ಲಿ ಉಪಕರಣ ಮುಳುಗಿಸಿಟ್ಟು, ಗಂಟೆಗೊಮ್ಮೆ ನೀರಿನ ಉಷ್ಣಾಂಶ ಅಳೆದು, ವರ್ಷಗಟ್ಟಲೆ ಕೂಡಿಹಾಕಿದ ಅಂಕಿಗಳ ಪರಿಚಯ ಅದು. ಇಂಥ ಪ್ರಬಂಧದಲ್ಲಿ ಹೊಸ ಸಿದ್ಧಾಂತ ಇರಬೇಕಾಗಿಲ್ಲ. 'ನಮ್ಮ ಹತ್ತಿರ ಈ ದತ್ತಾಂಶ ಇದೆ, ಹೀಗೆ ಅಳೆದೆವು, ಇಲ್ಲಿ ಇಟ್ಟಿದ್ದೇವೆ, ಯಾರು ಬೇಕಾದರೂ ತೆಗೆದುಕೊಂಡು ಬಳಸಿ' ಅಂತ ಹೇಳಿದರೆ ಸಾಕು. ಪರಿಶೀಲಿಸುವವರು ನೋಡಬೇಕಾದದ್ದೂ ಅಷ್ಟೇ: ಹೇಳಿದ ಜಾಗದಲ್ಲಿ ದತ್ತಾಂಶ ಇದೆಯೇ, ಓದಿದರೆ ಅರ್ಥವಾಗುತ್ತದೆಯೇ, ಹತ್ತು ವರ್ಷ ಬಿಟ್ಟು ಹುಡುಕಿದರೂ ಸಿಗುತ್ತದೆಯೇ.

ಪ್ರಬಂಧದ ಭಾಷೆ ಮದುವೆಮನೆಯ ಹೆಬ್ಬಾಗಿಲಿನ ಹಾಗೆ ಝಗಮಗ ಅನ್ನುತ್ತಿತ್ತು. 'ಹಿಂದೆಂದೂ ಕಾಣದ ವ್ಯಾಪ್ತಿ', 'ಸಂಪೂರ್ಣ ಮುಕ್ತ', 'ಮುಂದಿನ ಪೀಳಿಗೆಗೆ ಕೊಡುಗೆ'. ಕೊನೆಯ ಪುಟದಲ್ಲಿ ಒಂದು ಕೊಂಡಿ. ಒತ್ತಿದಳು. ಮೇಷ್ಟ್ರ ಪ್ರಯೋಗಾಲಯದ ಜಾಲತಾಣ ತೆರೆಯಿತು. ಮೇಲೆ ಮೇಷ್ಟ್ರ ಫೋಟೊ, ಅದರ ಕೆಳಗೆ ಮೇಷ್ಟ್ರು ಪ್ರಶಸ್ತಿ ತೆಗೆದುಕೊಳ್ಳುವ ಫೋಟೊ, ಅದರ ಕೆಳಗೆ ಒಂದು ಜಿಪ್ ಕಡತ. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ: 'ಮೂಲ ಕಡತಗಳು ಕೋರಿಕೆಯ ಮೇರೆಗೆ ಲಭ್ಯ'.

ಜಿಪ್ ಬಿಚ್ಚಿದಳು. ವಿವರಣೆಯ ಕಡತದಲ್ಲಿ ಒಂದೇ ಸಾಲು ಇತ್ತು. ಕಾಲಮ್ಮುಗಳ ಹೆಸರೇ ಅರ್ಥ ಹೇಳುತ್ತದಂತೆ. ಕಾಲಮ್ಮುಗಳ ಹೆಸರು ಟೆಂಪ್-ಒಂದು, ಟೆಂಪ್-ಎರಡು, ಟೆಂಪ್-ಎರಡು-ಹೊಸದು, ಟೆಂಪ್-ಎರಡು-ಹೊಸದು-ಫೈನಲ್.

"ಫೈನಲ್ ಅಂತೆ," ಅಂದಳು ತನ್ನಷ್ಟಕ್ಕೆ. "ಅಂತ್ಯಕಾಲವೇ ಇರಬೇಕು."

ಅಂಕಿಗಳನ್ನು ಒಪ್ಪಗೊಳಿಸಲು ಒಂದು ಪ್ರೋಗ್ರಾಂ ಕೂಡ ಕೊಟ್ಟಿದ್ದರು. ಓಡಿಸಿದರೆ ಯಾರದೋ ಕಂಪ್ಯೂಟರಿನ ಡಿ ಡ್ರೈವಿನಲ್ಲಿ ಯಾವುದೋ ಫೋಲ್ಡರ್ ಹುಡುಕಿ, ಸಿಗದೆ, ಅಲ್ಲೇ ಕುಕ್ಕರಿಸಿತು. ಪರವೂರಿಗೆ ಬಂದವನು ತನ್ನ ಮನೆಯ ಹಿತ್ತಲಬಾಗಿಲು ಎಲ್ಲಿ ಅಂತ ಕೇಳಿದ ಹಾಗೆ.

ಇಷ್ಟಕ್ಕೇ ವರದಿ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವಳಿಗೆ ಒಂದು ಅನುಮಾನ. ತನಗೆ ಹೊಳೆ ಗೊತ್ತು, ಉಪಕರಣ ಗೊತ್ತು, ಗೊತ್ತಿದ್ದವರಿಗೆ ಅರ್ಧ ಹೇಳಿದರೂ ಪೂರ್ತಿ ತಿಳಿಯುತ್ತದೆ. ಗೊತ್ತಿಲ್ಲದವರ ಕೈಯಲ್ಲಿ ಇದು ಏನಾದೀತು?

ಅವಳ ನಾದಿನಿ ಊರಿನ ಕುಡಿಯುವ ನೀರು ಶುದ್ಧೀಕರಣ ಘಟಕದಲ್ಲಿ ಇಂಜಿನಿಯರ್. ನೀರು ಬಿಸಿಯಾದಷ್ಟೂ ಕ್ಲೋರಿನ್ ಬೇಗ ಸತ್ವ ಕಳೆದುಕೊಳ್ಳುತ್ತದೆ, ಮೇಲಿನ ಹೊಳೆಗಳ ಉಷ್ಣಾಂಶ ಮೊದಲೇ ತಿಳಿದರೆ ಎಷ್ಟು ಹಾಕಬೇಕೆಂದು ಲೆಕ್ಕ ಹಾಕಬಹುದು ಅಂತ ಅವಳು ಬಹಳ ದಿನದಿಂದ ಹೇಳುತ್ತಿದ್ದಳು. ಭಾನುವಾರ ಬೆಳಿಗ್ಗೆ ಅವಳು ಮನೆಗೆ ಬಂದಾಗ ಜರಡಿ ಲ್ಯಾಪ್‌ಟಾಪ್ ಮುಂದೆ ತಳ್ಳಿದಳು. ಪ್ರಬಂಧವನ್ನು ತೋರಿಸಲಿಲ್ಲ. ಅದು ಗುಟ್ಟಿನ ವಿಷಯ. ಜಾಲತಾಣ ಮಾತ್ರ ಜಗತ್ತಿಗೆಲ್ಲ ತೆರೆದದ್ದು.

"ಇಲ್ಲಿ ಹೊಳೆಗಳ ಅಂಕಿ ಇದೆ. ನಿನ್ನ ಘಟಕಕ್ಕೆ ಉಪಯೋಗ ಆಗತ್ತಾ ನೋಡು. ನಾನು ಏನೂ ಹೇಳಲ್ಲ."

"ನೀವು ಏನೂ ಹೇಳಲ್ಲ ಅಂದ್ರೆ ನಂಗೆ ಭಯ ಆಗತ್ತೆ ಅತ್ತಿಗೆ," ಅಂದಳು ನಾದಿನಿ. ಕಾಫಿ ಲೋಟ ಪಕ್ಕಕ್ಕಿಟ್ಟು ಕೂತಳು.

ಸ್ವಲ್ಪ ಹೊತ್ತಿಗೆ ಅವಳ ಹುಬ್ಬು ಗಂಟಿಕ್ಕಿತು.

"ಈ ಹೊಳೇಲಿ ಜನವರಿ ಸರಾಸರಿ ಮೈನಸ್ ಇಪ್ಪತ್ತು ಡಿಗ್ರಿ ಬರ್ತಿದೆ. ಕಪ್ಪೆಗಳಿಗೆ ಸ್ವೆಟರ್ ಹಾಕಿದ್ರಾ?"

ಜರಡಿ ಬಗ್ಗಿ ನೋಡಿದಳು. ಉಪಕರಣ ಕೆಟ್ಟ ದಿನಗಳಲ್ಲಿ ಮೈನಸ್ ತೊಂಬತ್ತೊಂಬತ್ತು ಅಂತ ತುಂಬಿದ್ದರು. ಅಳತೆ ಇಲ್ಲ ಅಂತ ಅದರ ಅರ್ಥ. ಆದರೆ ಹಾಗೆಂದು ಎಲ್ಲೂ ಬರೆದಿರಲಿಲ್ಲ. ಕೆಲವು ಹೊಳೆಗಳಲ್ಲಿ ಅದೇ ಕೆಲಸಕ್ಕೆ ಸೊನ್ನೆ ಹಾಕಿದ್ದರು.

"ಇನ್ನೊಂದು," ಅಂದಳು ನಾದಿನಿ. "ಈ ಎರಡು ಹೊಳೆ ನೋಡಿ. ಎಲ್ಲಾ ಕಡೆ ನೀರು ಸಂಜೆ ಹೊತ್ತಿಗೆ ಬಿಸಿ ಏರತ್ತೆ. ಇವು ಬೆಳಿಗ್ಗೆ ತಿಂಡಿ ಹೊತ್ತಿಗೇ ಕಾದು ಕೂತಿವೆ. ಸೂರ್ಯ ಇವಕ್ಕೆ ಬೇರೆ ಬರ್ತಾನಾ?"

"ಸೂರ್ಯ ಒಬ್ಬನೇ. ಗಡಿಯಾರ ಎರಡು. ಉಳಿದವು ಸ್ಥಳೀಯ ಸಮಯ, ಇವೆರಡು ನಮಗಿಂತ ಐದೂವರೆ ಗಂಟೆ ಹಿಂದಿರೋ ಅಂತರರಾಷ್ಟ್ರೀಯ ಸಮಯ ಇರಬೇಕು. ಬರೆದಿಲ್ಲ."

ನಾದಿನಿ ಲ್ಯಾಪ್‌ಟಾಪ್ ಮುಚ್ಚಿದಳು. "ನಾನು ಇದನ್ನ ನಂಬಿ ಕ್ಲೋರಿನ್ ಹಾಕಿದ್ರೆ ಊರಿಗೆ ಊರೇ ಆಸ್ಪತ್ರೇಲಿ ಇರತ್ತೆ. ಇದನ್ನ ಯಾರು ಮಾಡಿದ್ದು?"

"ಅದನ್ನ ಮಾತ್ರ ದೊಡ್ಡ ಅಕ್ಷರದಲ್ಲಿ ಹಾಕಿದಾರೆ ನೋಡು," ಅಂದಳು ಜರಡಿ.

ಸೋಮವಾರ ವರದಿ ಬರೆದಳು. ಬೈಗುಳ ಒಂದೂ ಇರಲಿಲ್ಲ. ಬೈಗುಳ ಬರೆದರೆ ಬೈಗುಳಕ್ಕೆ ಉತ್ತರ ಬರುತ್ತದೆ, ಬೇಕಾದದ್ದಕ್ಕಲ್ಲ. ದತ್ತಾಂಶವನ್ನು ಸಾರ್ವಜನಿಕ ಸಂಗ್ರಹಾಗಾರದಲ್ಲಿ ಇಟ್ಟು, ಬದಲಾಗದ ಶಾಶ್ವತ ಗುರುತಿನ ಸಂಖ್ಯೆ ಪಡೆಯಬೇಕು. ಮೂಲ ಅಳತೆಗಳೂ ಅಲ್ಲೇ ಇರಬೇಕು. ಪ್ರತಿ ಕಾಲಮ್ಮಿನ ಅರ್ಥ, ಏಕಮಾನ, ಸಮಯವಲಯ, ಬಿಟ್ಟುಹೋದ ಅಳತೆಯ ಗುರುತು ಬರೆಯಬೇಕು. ಬಳಕೆಯ ಪರವಾನಗಿ ಯಾವುದೆಂದು ಹೇಳಬೇಕು. ಪ್ರೋಗ್ರಾಂ ಬೇರೆಯವರ ಕಂಪ್ಯೂಟರಿನಲ್ಲೂ ಓಡಬೇಕು. ಮೇಷ್ಟ್ರ ಹೆಸರು ಪ್ರಬಂಧದ ಮೇಲಿತ್ತು, ಅವಳ ಹೆಸರು ವರದಿಯ ಮೇಲಿರಲಿಲ್ಲ. ಆ ಪತ್ರಿಕೆಯ ಪದ್ಧತಿ ಅದು.

ಇನ್ನೊಬ್ಬ ಪರಿಶೀಲಕನ ವರದಿಯೂ ಅವಳಿಗೆ ಬಂತು. 'ಅಮೂಲ್ಯ ಕೊಡುಗೆ. ಹೀಗೆಯೇ ಪ್ರಕಟಿಸಬಹುದು.' ಕಡತ ಬಿಚ್ಚಿ ನೋಡಿದ ಸುಳಿವೇ ಇಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ.

ಪತ್ರಿಕೆಯ ಸಂಪಾದಕನೂ ಒಂದು ಸಾಲು ಬರೆದ: ಲೇಖಕರು ಹಿರಿಯರು, ಸಂಗ್ರಹಾಗಾರದ ವಿಷಯ ಕಡ್ಡಾಯ ಮಾಡದೆ ಸಲಹೆಯಾಗಿ ಇಡಬಹುದೇ? ಅವಳು ಉತ್ತರಿಸಿದಳು: 'ಪತ್ರಿಕೆಯ ನಿಯಮಾವಳಿಯಲ್ಲಿ ಅದನ್ನು ಕಡ್ಡಾಯ ಮಾಡಿರುವುದು ನೀವೇ. ಹಿರಿಯರಿಗೆ ವಿನಾಯಿತಿ ಎಂಬ ಸಾಲು ನನಗೆ ಕಾಣಲಿಲ್ಲ.' ಸಂಪಾದಕ ವರದಿಯನ್ನು ಇದ್ದ ಹಾಗೇ ಲೇಖಕರಿಗೆ ಕಳಿಸಿದ.

ಆಮೇಲೆ ಒಂದು ಸಮಿತಿ ಸಭೆಯಲ್ಲಿ ದೊಡ್ಡ ಮೇಷ್ಟ್ರೇ ಎದುರಾದರು. ಊಟದ ವಿರಾಮ. ಮೇಷ್ಟ್ರು ತಟ್ಟೆ ಹಿಡಿದುಕೊಂಡು ಸೀದಾ ಇವಳ ಪಕ್ಕದ ಕುರ್ಚಿಗೇ ಬಂದು ಕೂತರು.

"ಕೇಳಿಸ್ಕೊಳ್ಳಮ್ಮಾ, ಕಾಲ ಹೇಗೆ ಕೆಟ್ಟಿದೆ ನೋಡು. ನನ್ನ ಒಂದು ಪ್ರಬಂಧಕ್ಕೆ ಯಾವನೋ ಒಬ್ಬ ಗುಮಾಸ್ತ ಪರಿಶೀಲಕ ಸಿಕ್ಕಿದಾನೆ. ವಿಜ್ಞಾನದ ಬಗ್ಗೆ ಒಂದು ಮಾತಿಲ್ಲ. ಪರವಾನಗಿ ಎಲ್ಲಿ, ಕಾಲಮ್ಮಿನ ಅರ್ಥ ಏನು, ಗಡಿಯಾರ ಯಾವುದು. ಹೊಳೆ ನೀರಿಗೆ ಪರವಾನಗಿ ಬೇಕಂತೆ."

"ಹೌದಾ ಸರ್," ಅಂದಳು.

"ನನ್ನ ಜಾಲತಾಣ ಇಷ್ಟು ವರ್ಷದಿಂದ ಇದೆ. ನಾನು ಎಲ್ಲಿಗೆ ಓಡಿಹೋಗ್ತೀನಿ? ಬೇಕಾದವರು ಒಂದು ಇಮೇಲ್ ಹಾಕಿದ್ರೆ ಆಯ್ತಪ್ಪ."

"ಎಷ್ಟು ಜನ ಹಾಕಿದ್ರು ಸರ್? ನೀವು ಎಷ್ಟು ಜನಕ್ಕೆ ಕಳಿಸಿದ್ರಿ?"

ಮೇಷ್ಟ್ರು ಅನ್ನಕ್ಕೆ ಇನ್ನಷ್ಟು ಸಾರು ಸುರಿದುಕೊಂಡರು. "ಅದೆಲ್ಲ ಹುಡುಗರು ನೋಡ್ಕೋತಾರೆ," ಅಂದರು.

ಹೇಳಿಬಿಡೋಣವೇ ಅನ್ನಿಸಿತು. ಗುಮಾಸ್ತ ನಾನೇ, ಯಾವನೋ ಅಲ್ಲ ಯಾವಳೋ ಅಂತ. ನಾಲಿಗೆಯ ತುದಿಗೆ ಬಂದದ್ದನ್ನು ಮಜ್ಜಿಗೆಯ ಜೊತೆ ನುಂಗಿದಳು. ಪರಿಶೀಲಕಿಯ ಗುಟ್ಟು ಅವಳ ಸ್ವಂತ ಆಸ್ತಿಯಲ್ಲ.

ತಿದ್ದಿದ ಪ್ರಬಂಧ ಬಂತು. ಜೊತೆಗೆ ಉತ್ತರಪತ್ರ. ಪ್ರತಿ ಅಂಶಕ್ಕೂ 'ಪರಿಶೀಲಕರ ಸೂಕ್ಷ್ಮ ಒಳನೋಟಕ್ಕೆ ಧನ್ಯವಾದಗಳು'. ಧನ್ಯವಾದಗಳೇ ಎರಡು ಪುಟ. ಕಾಲಮ್ಮುಗಳ ಅರ್ಥ ಒಂದಷ್ಟು ಬಂದಿತ್ತು. ಪರವಾನಗಿಯ ಜಾಗದಲ್ಲಿ 'ಸದುದ್ದೇಶಕ್ಕೆ ಮಾತ್ರ' ಅಂತಿತ್ತು. ಸದುದ್ದೇಶ ಯಾವುದು ಅಂತ ತೀರ್ಮಾನಿಸುವವರು ಯಾರು ಅಂತ ಇರಲಿಲ್ಲ. ಸಂಗ್ರಹಾಗಾರದ ವಿಷಯಕ್ಕೆ ಉತ್ತರ: 'ನಮ್ಮ ಜಾಲತಾಣ ದೀರ್ಘಕಾಲದಿಂದ ಸ್ಥಿರವಾಗಿದ್ದು ಮುಂದೆಯೂ ಇರುತ್ತದೆ.'

ಕೊಂಡಿ ಒತ್ತಿದಳು. 'ಪುಟ ಕಂಡುಬಂದಿಲ್ಲ.'

ಇಂಟರ್ನೆಟ್ ಕೈಕೊಟ್ಟಿರಬೇಕು ಅಂತ ಮಧ್ಯಾಹ್ನ ನೋಡಿದಳು, ಮರುದಿನ ನೋಡಿದಳು, ಮನೆಯಿಂದ ನೋಡಿದಳು. ಮೇಷ್ಟ್ರ ಪ್ರಶಸ್ತಿಯ ಫೋಟೊ ಸಮೇತ ಎಲ್ಲ ಮಾಯ. ವಾರ ಕಳೆದ ಮೇಲೆ ಸಂಪಾದಕನಿಗೆ ಬರೆದಳು: 'ಸ್ಥಿರವಾಗಿದೆ ಎನ್ನಲಾದ ದತ್ತಾಂಶ ಎಲ್ಲೂ ಇಲ್ಲ. ಇಲ್ಲದ್ದನ್ನು ಪರಿಶೀಲಿಸುವ ವಿದ್ಯೆ ನನಗೆ ಬಾರದು.'

ಈಗ ಸಂಪಾದಕನಿಗೂ ಬಿಸಿ ತಟ್ಟಿತು. ಲೇಖಕರಿಂದ ವಿವರಣೆ ಕೇಳಿದ. ತಿಂಗಳುಗಟ್ಟಲೆ ಸದ್ದಿಲ್ಲ. ಅವಳು ಮೊದಲು ನಕ್ಕಳು, ನಾದಿನಿಗೆ ಹೇಳಲಾಗದೆ ಒಬ್ಬಳೇ ನಕ್ಕಳು. ಆಮೇಲೆ ನಗು ಹಳಸಿತು. ಚಳಿಯ ನೀರಲ್ಲಿ ಮೊಣಕಾಲಿನವರೆಗೆ ನಿಂತು ಯಾರೋ ಆ ಉಪಕರಣಗಳನ್ನು ಕಲ್ಲಿಗೆ ಕಟ್ಟಿದ್ದರು. ಕಳೆದ ಬೇಸಿಗೆಯ ಹೊಳೆಯನ್ನು ಮತ್ತೆ ಅಳೆಯಲು ಯಾವ ಮೇಷ್ಟ್ರಿಂದಲೂ ಆಗದು.

ಮೂರನೆಯ ಸಲ ಪ್ರಬಂಧ ಬಂದಾಗ ಪತ್ರದಲ್ಲಿ ಧನ್ಯವಾದ ಕಡಿಮೆ ಇತ್ತು, ವಿಷಯ ಇತ್ತು. ವಿಶ್ವವಿದ್ಯಾಲಯ ಎಲ್ಲ ಜಾಲತಾಣಗಳನ್ನು ಒಂದೇ ಕಡೆಗೆ ಸಾಗಿಸಿತಂತೆ. ಹಳೆಯ ಸರ್ವರಿನಲ್ಲಿ ಉಳಿಸಿಕೊಳ್ಳಬೇಕಾದದ್ದು ಏನಾದರೂ ಇದ್ದರೆ ಹೇಳಿ ಎಂಬ ಸೂಚನೆ ಮೇಷ್ಟ್ರ ಇಮೇಲಿಗೂ ಬಂದಿತ್ತಂತೆ. ಯಾರೂ ಓದಲಿಲ್ಲ. ಸರ್ವರ್ ಅಳಿಸಿದರು. ಪ್ರಯೋಗಾಲಯ ಬಿಟ್ಟು ಬ್ಯಾಂಕಿನ ಕೆಲಸಕ್ಕೆ ಸೇರಿದ್ದ ಹಳೆಯ ಸಂಶೋಧಕಿಯ ಹತ್ತಿರ ಒಂದು ಪ್ರತಿ ಸಿಕ್ಕಿತು. ಅವಳು ಸೇರುವ ಮುಂಚಿನ ಎರಡು ವರ್ಷಗಳ ಮೂಲ ಅಳತೆ ಎಲ್ಲೂ ಸಿಗಲಿಲ್ಲ.

ಅದಷ್ಟನ್ನೂ ಪ್ರಬಂಧದಲ್ಲಿ ಬರೆದಿದ್ದರು. ಉಳಿದದ್ದು ಸಾರ್ವಜನಿಕ ಸಂಗ್ರಹಾಗಾರದಲ್ಲಿತ್ತು. ಗುರುತಿನ ಸಂಖ್ಯೆ, ಆವೃತ್ತಿ, ಪರವಾನಗಿ, ಎಲ್ಲವೂ. ಎರಡು ಹೊಳೆಗಳ ಗಡಿಯಾರ ಸರಿಪಡಿಸಿದ್ದರು. ಪ್ರೋಗ್ರಾಂ ಓಡಿಸಿದಳು, ಓಡಿತು. ಬೇರೆ ಕಂಪ್ಯೂಟರಿನಲ್ಲಿ ಓಡಿಸಿದಳು, ಅಲ್ಲೂ ಓಡಿತು. ಕಪ್ಪೆಗಳ ಚಳಿ ಬಿಟ್ಟಿತ್ತು. ಹುಳುಕು ಹುಡುಕಲು ಎರಡು ದಿನ ಕೂತಳು, ಸಿಕ್ಕಿದ್ದು ಒಂದು ಕಾಗುಣಿತ ತಪ್ಪು. 'ಪ್ರಕಟಿಸಬಹುದು' ಅಂತ ಬರೆದಳು. ಬರೆಯುವಾಗ ಸಂತೋಷವೂ ಆಯಿತು, ಹಿಡಿಯಲು ಇನ್ನೇನೂ ಉಳಿಯಲಿಲ್ಲವಲ್ಲ ಅಂತ ಬೇಸರವೂ ಆಯಿತು.

ಪ್ರಕಟವಾದ ಮೇಲೆ ನಾದಿನಿಗೆ ಕೊಂಡಿ ಕಳಿಸಿದಳು. ಆ ಬೇಸಿಗೆಯಲ್ಲಿ ಘಟಕದವರು ಕ್ಲೋರಿನ್ ಲೆಕ್ಕಕ್ಕೆ ಅದನ್ನೇ ಇಟ್ಟುಕೊಂಡರು.

"ಇದು ಅವತ್ತಿನ ಕಸವೇ ತಾನೆ ಅತ್ತಿಗೆ? ಯಾರೋ ಗುಡಿಸಿದ ಹಾಗಿದೆ."

"ಯಾರೋ," ಅಂದಳು.

ವರ್ಷದ ಸಮ್ಮೇಳನದಲ್ಲಿ ದೊಡ್ಡ ಮೇಷ್ಟ್ರದೇ ಮುಖ್ಯ ಭಾಷಣ. ವಿಷಯ: ದತ್ತಾಂಶದ ದೀರ್ಘಕಾಲದ ಸಂರಕ್ಷಣೆ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದ ಕತೆ ಬಿಟ್ಟು, ಬಾಗಿಲಿನ ಮಹಿಮೆಯನ್ನಷ್ಟೇ ವರ್ಣಿಸಿದರು. "ಜಾಲತಾಣವನ್ನು ನಂಬಬೇಡಿ ಅಂತ ನಾನು ಮೊದಲಿಂದ ಹೇಳುತ್ತಾ ಬಂದಿದ್ದೇನೆ," ಅಂದರು. ಕಾಲಮ್ಮಿನ ಅರ್ಥ, ಏಕಮಾನ, ಸಮಯವಲಯ, ಪರವಾನಗಿ: ಪರದೆಯ ಮೇಲೆ ಬಂದ ಪಟ್ಟಿ ಅವಳ ವರದಿಯದೇ, ಅದೇ ಕ್ರಮದಲ್ಲಿ. ಸಭೆ ಚಪ್ಪಾಳೆ ತಟ್ಟಿತು. ಇನ್ನೊಬ್ಬ ಪರಿಶೀಲಕನೂ ಆ ಸಭೆಯಲ್ಲೇ ಎಲ್ಲೋ ಇದ್ದಿರಬೇಕು, ತಟ್ಟಿರಲೂಬೇಕು.

ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಮೆಲ್ಲಗೆ ಕೇಳಿದ. "ಏನು ಮೇಡಂ, ನಿಮಗೇ ಒಪ್ಪಿಗೆ ಆಯ್ತಾ ಭಾಷಣ? ಜರಡಿಗೆ ಏನೂ ಸಿಗಲಿಲ್ವಾ?"

"ಮಾತೆಲ್ಲ ಸರಿಯಾಗೇ ಇದೆ," ಅಂದಳು. "ಕದ್ದ ಮಾಲು ಯಾವಾಗಲೂ ಚೆನ್ನಾಗೇ ಇರತ್ತೆ."

ಅಷ್ಟು ಹೇಳಿ ಎದ್ದು ಕಾಫಿ ಕುಡಿಯಲು ಹೋದಳು.