ಅರಿಶಿನ ಕಪ್ಪಾದ ಪಟ

ನಿಬ್ಬಿನ ತುದಿಯಲ್ಲಿ ಮಸಿ ಒಣಗುತ್ತಿದೆ, ಹೊರಗೆ ತೆಂಗಿನಕಾಯಿ ಗಾಡಿಗಳು ಚನ್ನರಾಯಪಟ್ಟಣದ ಸಂತೆಯಿಂದ ವಾಪಸಾಗುತ್ತಿವೆ, ಎತ್ತಿನ ಗಂಟೆ ನಿಂತಿತು, ಮತ್ತೆ ಶುರುವಾಯಿತು, ನೀಲಾಂಬಿಕೆ ಮಾತ್ರ ಇನ್ನೂ ಮೊದಲ ಸಾಲಿನಲ್ಲೇ — ಚಿರಂಜೀವಿ ಪ್ರೇಮಕುಮಾರಿಗೆ ಅಜ್ಜಿಯ ಆಶೀರ್ವಾದಗಳು — ಆಶೀರ್ವಾದಕ್ಕೇನು, ಕೈ ತಾನಾಗಿ ಬರೆಯುತ್ತದೆ, ಮುಂದಿನದಕ್ಕಲ್ಲವೇ ಬುದ್ಧಿ ಬೇಕಾಗಿರುವುದು. ಅರಕಲಗೂಡಿನಿಂದ ಮೊಮ್ಮಗಳ ಕಾಗದ ಬಂದು ವಾರವಾಯಿತು. ಅಜ್ಜಿ, ಮದುವೆ ಪಟದಲ್ಲಿ ಅಮ್ಮ ಯಾಕೆ ಇದ್ದಿಲಿನ ಹಾಗಿದ್ದಾಳೆ, ಸೀರೆಯೂ ಕಪ್ಪು, ನಿಮ್ಮವ್ವ ಇದ್ದದ್ದೇ ಅಂಗೆ ಅಂತಾರೆ ಸೋದರತ್ತೆ, ಕಪ್ಪಾದರೆ ಆಗಲಿ, ನಿಜವಾಗಿ ಹೇಗಿದ್ದಳು ಬರಿ, ಕಣ್ಣು ಮುಚ್ಚಿದರೆ ನನಗೆ ಯಾರ ಮುಖವೂ ಬರುವುದಿಲ್ಲ. ಹೇಗೆ ಬಂದೀತು, ಮಗಳು ಗಂಗಾಂಬಿಕೆ ಜ್ವರದಲ್ಲಿ ಹೋದಾಗ ಈ ಕೂಸು ಇನ್ನೂ ಅಂಬೆಗಾಲಿಡುತ್ತಿತ್ತು, ಬರೆಯಬೇಕು, ಅಜ್ಜಿಯಲ್ಲದೆ ಇನ್ಯಾರು ಬರೆಯಬೇಕು. ಗೋಡೆಯಿಂದ ಇಳಿಸಿದ ಪಟ ಮೊಣಕಾಲ ಮೇಲಿದೆ, ಮೊದಲು ಸುಲಭದವರು — ಮಗೂ, ನಡುವೆ ಕೂತಿರುವ ನಿನ್ನ ಅಜ್ಜನ ರುಮಾಲು ಕಪ್ಪಲ್ಲ, ದಾಸವಾಳದ ಕೆಂಪು, ಅದನ್ನು ಸುತ್ತಿಕೊಂಡರೆ ಪಂಚಾಕ್ಷರಯ್ಯನವರಿಗೆ ತಾನೇ ಅಮಲ್ದಾರ ಅನ್ನುವ ಗತ್ತು. ಪಕ್ಕದಲ್ಲಿ ನಿನ್ನ ಮಾವ ಷಡಕ್ಷರಿ, ಬಿಳಿ ಕೋಟಲ್ಲ ಅದು, ಆಕಾಶದ ನೀಲಿ, ಬಾಡಿಗೆ ತಂದದ್ದು, ತೋಳು ಗಿಡ್ಡ. ನಿಮ್ಮಮ್ಮನ ಸೀರೆ ರಕ್ತಗೆಂಪು, ಹಣೆಯ ವಿಭೂತಿ ಮಾತ್ರ ಬಿಳಿ ಇದ್ದದ್ದು ಬಿಳಿಯಾಗಿಯೇ ಬಂದಿದೆ. ಪಟ ಹಿಡಿಯುವ ಆ ಗಾಜಿನ ಪ್ಲೇಟಿನ ಕಣ್ಣಿಗೆ ಕೆಂಪು ಕಾಣುವುದಿಲ್ಲ, ಕಪ್ಪಾಗಿಬಿಡುತ್ತದೆ, ನೀಲಿ ಕಂಡರೆ ಬೆಳ್ಳಗೆ ಬೆಳಗುತ್ತದೆ. ಇಷ್ಟನ್ನು ಬರೆಯುವಾಗ ಕೈ ಎಷ್ಟು ಚುರುಕು, ಹಾಸನದ ಫೋಟೋ ರುದ್ರಯ್ಯನ ಮಾತೆಲ್ಲ ಇನ್ನೂ ನೆನಪಿದೆಯಲ್ಲ ಎಂದು ಒಂದು ಗಳಿಗೆ ಹಮ್ಮೂ ಬಂತು, ಮುಂದಿನ ಸಾಲಿಗೆ ಅದು ಇಳಿದುಹೋಯಿತು.

ಮದುವೆಯ ದಿನ ರುದ್ರಯ್ಯ ಅಂಗಳದಲ್ಲಿ ಕ್ಯಾಮೆರಾದ ಮುಕ್ಕಾಲಿ ನೆಟ್ಟಿದ್ದ, ಹಿಂದೆ ಜಮಖಾನ ಕಟ್ಟಿದ್ದ, ಕರಿಬಟ್ಟೆಯೊಳಗೆ ತಲೆ ತೂರಿಸಿ ಗಾಜಿನ ಮೇಲೆ ಎಲ್ಲರೂ ತಲೆಕೆಳಗಾಗಿ ನಿಂತದ್ದನ್ನು ನೋಡಿ ಹೊರಗೆ ಬಂದ, ಅವ್ವಾ, ಮದುವಣಗಿತ್ತಿ ಮೊಕ ತೊಳ್ಕೊಂಡ್ ಬರ್ಲಿ ಕಣವ್ವ, ಅರಿಸ್ನ ಅಂದ್ರೆ ಈ ಪ್ಲೇಟ್‌ಗೆ ಕಪ್ಪು, ಮೊಕಾನೇ ಕಾಣಾಕಿಲ್ಲ. ಗಂಗಾಂಬಿಕೆ ಆಗಲೇ ಬಚ್ಚಲಿನ ಕಡೆ ಹೊರಟಿದ್ದಳು, ನೀಲಾಂಬಿಕೆಯ ಅತ್ತೆ ಬಸವಲಿಂಗಮ್ಮ ರಟ್ಟೆ ಹಿಡಿದು ನಿಲ್ಲಿಸಿದರು, ಕಂಕಣ ಬಿಚ್ಚೋಗಂಟ ಅರಿಸ್ನ ತೊಳೆಯಾಕಿಲ್ಲ, ಇವ್ನ ಪೆಟ್ಗೆಗೋಸ್ಕರ ಅಪಶಕುನ ಮಾಡ್ಕೊಳಾದಾ, ಕೂತ್ಕಳೇ ಸುಮ್ಕೆ. ಮನೆಯ ಪದ್ಧತಿ, ಯಾರು ಎದುರಾಡುತ್ತಾರೆ, ಮಗಳು ಕೂತಳು, ಮುಖದ ತುಂಬ ಒಣಗಿ ಬಿರುಕು ಬಿಡುತ್ತಿದ್ದ ಅರಿಶಿನ, ಇದೊಂದೇ ಪಟ ಅಲ್ವೇನವ್ವ ಅಂದಳು, ಅಷ್ಟೇ, ಕಣ್ಣು ತುಂಬಿತು, ರುದ್ರಯ್ಯ ಅಲುಗಾಡಬೇಡಿ ಎಂದು ಮುಚ್ಚಳ ತೆಗೆದು, ಬಾಯಲ್ಲೇ ಎಣಿಸಿ, ಮತ್ತೆ ಮುಚ್ಚಿದ. ಇದೊಂದೇ ಪಟ ಅಂತ ಅವಳಿಗೆ ಹೇಗೆ ಗೊತ್ತಾಯಿತೋ. ಪಟ ಕೊಡಲು ಬಂದಾಗ ರುದ್ರಯ್ಯ ಅವಳ ಕೆನ್ನೆ ತೋರಿಸಿ, ಇಲ್ಲೊಂದು ಬಿಳೀ ಗೀರು ಬಿದ್ದದೆ, ಪ್ಲೇಟ್ ಮ್ಯಾಲೆ ಚಾಕು ಮೊನೇಲಿ ಕೆರೆದ್ರೆ ಓಯ್ತದೆ, ಬೇರೆ ಪಟ ಎತ್ಕೊಡ್ಲಾ ಅಂದ. ಬೇಡ, ಇರ್ಲಿ ಬುಡಪ್ಪ ಅಂದಿದ್ದಳು ನೀಲಾಂಬಿಕೆ, ಗೀರಲ್ಲ ಅದು, ಕಣ್ಣೀರು ಹರಿದು ಅರಿಶಿನ ಕರಗಿದ ಜಾಗ.

ಈಗ ಬರೆ, ನಿಮ್ಮಮ್ಮನ ಮುಖ — ಮುಖ — ಹೆತ್ತವಳಿಗೆ ಮಗಳ ಮುಖ ಬರೆಯಲು ಪಟ ಯಾಕೆ, ಪಟ ಮಗುಚಿ ಹಾಕಿ ಕಣ್ಣು ಮುಚ್ಚಿದಳು, ಎಣ್ಣೆ ಹಚ್ಚಿಸಿಕೊಳ್ಳುತ್ತಾ ಕೂತವಳು ಬಂದಳು, ತಿರುಗೇ ಎಂದರೆ ತಿರುಗಿದಳು, ಕಪ್ಪು ಮುಖ. ಹೊಳೆನರಸೀಪುರದ ಹೊಳೆಯಲ್ಲಿ ಮುಳುಗಿ ಎದ್ದವಳು, ನೀರು ಸುರಿಯುತ್ತಿದೆ, ಅದೇ ಕಪ್ಪು ಮುಖ. ತೊಟ್ಟಿಲಿನ ಕೂಸಿಗೂ ಅದೇ. ವರ್ಷವರ್ಷವೂ ಗೋಡೆಯ ಮೇಲಿನ ಪಟವನ್ನೇ ನೋಡಿ ನೋಡಿ ಒಳಗಿನದನ್ನು ಅದು ತಿಂದುಹಾಕಿದೆ. ಅಯ್ಯೋ, ರುಮಾಲಿನ ಕೆಂಪು ನೆನಪಿದೆ, ಬಾಡಿಗೆ ಕೋಟಿನ ನೀಲಿ ನೆನಪಿದೆ, ಹೊಟ್ಟೆಯಲ್ಲಿ ಹುಟ್ಟಿದವಳು ಮಾತ್ರ — ಲಕ್ಷಣವಾಗಿದ್ದಳು ಎಂದು ಬರೆದುಬಿಡಲೇ, ಯಾರ ಮಗಳಿಗೂ ಬರೆಯಬಹುದಾದ ಮಾತು, ಆ ಹುಡುಗಿ ಅದನ್ನು ದಿಂಬಿನಡಿ ಇಟ್ಟುಕೊಂಡು ಯಾರನ್ನು ನೋಡಬೇಕು. ಪಟ ಮತ್ತೆ ತಿರುಗಿಸಿದಳು, ಎರಡು ಹೆಬ್ಬೆರಳು ಆ ಕಡೆ ಈ ಕಡೆ ಇಟ್ಟು ಕಪ್ಪನ್ನೆಲ್ಲ ಮುಚ್ಚಿದಳು, ನಡುವೆ ಆ ಕಣ್ಣೀರಿನ ಗೆರೆ ಉಳಿಯಿತು, ಹುಲ್ಲುಕಡ್ಡಿಯಷ್ಟು, ಅದೇ ಅವಳ ನಿಜವಾದ ಮೈ, ಅದನ್ನೇ ಹಿಗ್ಗಿಸಿದರೆ ಕೆನ್ನೆಯಾದೀತು, ಕೆನ್ನೆಯಿಂದ ಮೂಗು, ಮೂಗಿನಿಂದ — ಹಿಗ್ಗುತ್ತಿಲ್ಲ, ಗೆರೆ ಗೆರೆಯಾಗಿಯೇ ನಿಂತಿದೆ, ಗಂಗಾ, ಸ್ವಲ್ಪ ಈ ಕಡೆ ನೋಡೇ, ಒಂದು ಸಲ — ಗೆರೆ, ಬಿಳಿ ಗೆರೆ, ಅಷ್ಟೇ ಅಗಲದ ಮಗಳು.